ಕೆಲಸ ಮುಗಿದ ಮೇಲೆ ಕ್ಲೈಂಟ್‌ಗೆ ಕೇಳಬೇಕಾದ ಒಂದೇ ಪ್ರಶ್ನೆ

ಪ್ರಶ್ನೆ: ಸಣ್ಣ ಸಂಸ್ಥೆಗಳಿಗೆ ವೆಬ್‌ಸೈಟ್ ಮಾಡಿಕೊಡುವ ಕೆಲಸವನ್ನು ನಾನು ಒಬ್ಬಳೇ ಮಾಡುತ್ತೇನೆ. ಪ್ರತಿ ಕೆಲಸ ಮುಗಿದಾಗಲೂ ಕ್ಲೈಂಟ್‌ಗೆ ಇಮೇಲ್ ಬರೆದು ಫೀಡ್‌ಬ್ಯಾಕ್ ಕೇಳುತ್ತೇನೆ. ಜೊತೆಗೆ ಹನ್ನೆರಡು ಪ್ರಶ್ನೆಗಳ ಫಾರ್ಮ್ ಇರುತ್ತದೆ. ಹೆಚ್ಚಿನವರಿಂದ ಉತ್ತರವೇ ಬರುವುದಿಲ್ಲ. ಬಂದರೂ 'ಎಲ್ಲ ಚೆನ್ನಾಗಿತ್ತು, ಧನ್ಯವಾದಗಳು' ಅಷ್ಟೇ. ಹಾಗೆ ಬರೆದವರಲ್ಲಿ ಇಬ್ಬರು ಮುಂದಿನ ಕೆಲಸವನ್ನು ಬೇರೆಯವರಿಗೆ ಕೊಟ್ಟರು. ನಾನು ಏನು ಬರೆಯಬೇಕು, ಯಾವಾಗ ಬರೆಯಬೇಕು? ಕಳೆದ ಬಾರಿ ಕಳುಹಿಸಿದ್ದು ಇದು:

> ನಮಸ್ಕಾರ. ನಿಮ್ಮೊಂದಿಗೆ ಕೆಲಸ ಮಾಡಿದ್ದು ಸಂತೋಷದ ಅನುಭವ. ನನ್ನ ಸೇವೆ ನಿಮಗೆ ಇಷ್ಟವಾಗಿದೆ ಎಂದು ನಂಬಿದ್ದೇನೆ. ಗುಣಮಟ್ಟ ಹೆಚ್ಚಿಸಿಕೊಳ್ಳಲು ನಿಮ್ಮ ಅಮೂಲ್ಯ ಅಭಿಪ್ರಾಯ ಬೇಕಾಗಿದೆ. ದಯವಿಟ್ಟು ಬಿಡುವು ಮಾಡಿಕೊಂಡು ಈ ಫಾರ್ಮ್ ತುಂಬಿ. ಸಾಧ್ಯವಾದರೆ ನನ್ನ ವೆಬ್‌ಸೈಟ್‌ನಲ್ಲಿ ಹಾಕಿಕೊಳ್ಳಲು ಎರಡು ಒಳ್ಳೆಯ ಮಾತುಗಳನ್ನೂ ಬರೆದುಕೊಡಿ. ಕೊನೆಯ ಬಿಲ್ ಇದರೊಂದಿಗೆ ಇದೆ.

ಉತ್ತರ: ಆ ಇಬ್ಬರು ನಿಮಗೆ ಸುಳ್ಳು ಹೇಳಲಿಲ್ಲ. ಮುಖದಾಕ್ಷಿಣ್ಯಕ್ಕೆ ಒಂದು ಮಾತು ಹೇಳಿ ಮುಂದೆ ಹೋದರು. ನಿಮ್ಮ ಇಮೇಲ್ ಅವರಿಗೆ ಬೇರೆ ದಾರಿಯನ್ನೇ ಬಿಟ್ಟಿರಲಿಲ್ಲ. 'ಇಷ್ಟವಾಗಿದೆ ಎಂದು ನಂಬಿದ್ದೇನೆ' ಎಂದು ನೀವೇ ಬರೆದ ಮೇಲೆ, ಇಲ್ಲ ಎನ್ನಬೇಕಾದರೆ ಅವರು ನಿಮ್ಮ ನಂಬಿಕೆಯನ್ನು ಮುರಿಯಬೇಕು. ಊಟ ಬಡಿಸಿದವರು ಎದುರು ನಿಂತು 'ರುಚಿಯಾಗಿದೆ ಅಲ್ಲವೇ' ಎಂದು ಕೇಳಿದಂತೆ ಅದು. ತಲೆಯಾಡಿಸುವುದು ಬಿಟ್ಟು ಯಾರು ಏನು ಮಾಡಿಯಾರು?

ಹಾಗಾಗಿ ಮೊದಲು ಹೊಡೆದು ಹಾಕಬೇಕಾದದ್ದು ಆ ಸಾಲು. ಎರಡನೆಯದು 'ಅಮೂಲ್ಯ ಅಭಿಪ್ರಾಯ'. 'ಅಮೂಲ್ಯ' ಎಂಬುದು ಬರೀ ಅಲಂಕಾರ, ಅದು ಹೋದರೆ ಯಾರಿಗೂ ನಷ್ಟವಿಲ್ಲ. ನಿಜವಾದ ತೊಡಕು 'ಅಭಿಪ್ರಾಯ' ಎಂಬ ಪದದಲ್ಲಿದೆ. ಅಭಿಪ್ರಾಯ ಕೇಳುವುದೆಂದರೆ ಆರು ವಾರ ನಡೆದ ಕೆಲಸವನ್ನೆಲ್ಲ ನೆನಪಿಸಿಕೊಂಡು, ತೂಗಿ ನೋಡಿ, ಒಂದು ತೀರ್ಪು ಬರೆದುಕೊಡಿ ಎಂದು ಕೇಳುವುದು. ಅದು ನಿಮ್ಮ ಕ್ಲೈಂಟ್‌ಗೆ ಹೊಸದೊಂದು ಕೆಲಸ, ಅದೂ ಸಂಬಳವಿಲ್ಲದ ಕೆಲಸ.

ಅಷ್ಟು ಶ್ರಮಪಟ್ಟು ತೂಗಿದರೂ ಆ ತೂಕ ಸರಿಯಾಗಿರುವುದಿಲ್ಲ. 1993ರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾಹ್ನೆಮನ್ ಮತ್ತು ಸಂಗಡಿಗರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಒಂದು ಸರದಿಯಲ್ಲಿ ಜನ 14 ಡಿಗ್ರಿ ಸೆಲ್ಸಿಯಸ್‌ನ ತಣ್ಣೀರಿನಲ್ಲಿ 60 ಸೆಕೆಂಡು ಕೈ ಇಟ್ಟರು. ಇನ್ನೊಂದು ಸರದಿಯಲ್ಲಿ ಅದೇ 60 ಸೆಕೆಂಡು, ಅದರ ಮೇಲೆ ಮತ್ತೆ 30 ಸೆಕೆಂಡು. ಆದರೆ ಆ ಕೊನೆಯ ಅವಧಿಯಲ್ಲಿ ನೀರು ನಿಧಾನವಾಗಿ 15 ಡಿಗ್ರಿಗೆ ಏರುತ್ತಿತ್ತು. ಮತ್ತೊಮ್ಮೆ ಕೈ ಇಡಬೇಕಾದರೆ ಯಾವುದು ಬೇಕೆಂದು ಕೇಳಿದಾಗ ಹೆಚ್ಚಿನವರು ಆರಿಸಿದ್ದು ಉದ್ದನೆಯ ಸರದಿಯನ್ನು. ಒಟ್ಟು ನೋವು ಅದರಲ್ಲೇ ಹೆಚ್ಚು, ಆದರೆ ಕೊನೆ ಸ್ವಲ್ಪ ಹಿತವಾಗಿತ್ತು. ಯೋಜನೆಗಳ ವಿಷಯದಲ್ಲೂ ಇದೇ ಆಗುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಕೊನೆಯ ವಾರ ಸುಗಮವಾಗಿ ಸಾಗಿದ್ದರೆ 'ಎಲ್ಲ ಚೆನ್ನಾಗಿತ್ತು' ಎಂಬ ಉತ್ತರ ಪ್ರಾಮಾಣಿಕವಾಗಿಯೇ ಬರುತ್ತದೆ. ಮೂರನೇ ವಾರದಲ್ಲಿ ಅವರು ಎರಡು ದಿನ ನಿಮ್ಮ ಉತ್ತರಕ್ಕೆ ಕಾದು ಕುಳಿತದ್ದು ಆ ಒಟ್ಟು ಲೆಕ್ಕದಲ್ಲಿ ಮುಳುಗಿಹೋಗುತ್ತದೆ. ಆದರೆ ಮುಂದಿನ ಕೆಲಸ ಯಾರಿಗೆ ಕೊಡೋಣ ಎಂದು ಕುಳಿತಾಗ ಅದು ಮೇಲೆ ತೇಲುತ್ತದೆ.

ಆದ್ದರಿಂದ ಅಭಿಪ್ರಾಯ ಕೇಳಬೇಡಿ, ನಡೆದದ್ದನ್ನು ಕೇಳಿ. ಅದೂ ಒಂದೇ ಪ್ರಶ್ನೆ, ಉತ್ತರಿಸಲು ಯೋಚನೆ ಬೇಡವಾದ ಪ್ರಶ್ನೆ. ನಿಮ್ಮ ಸಂದೇಶದ ಬದಲಿಗೆ ನಾನಾಗಿದ್ದರೆ ಇದನ್ನು ಕಳುಹಿಸುತ್ತಿದ್ದೆ:

> ವಿಷಯ: ವೆಬ್‌ಸೈಟ್ ಕೆಲಸದ ಬಗ್ಗೆ ಒಂದೇ ಪ್ರಶ್ನೆ
>
> ನಮಸ್ಕಾರ. ಹೊಸ ವೆಬ್‌ಸೈಟ್ ಬಳಕೆಗೆ ಬಂದು ಹತ್ತು ದಿನವಾಯಿತು. ಈ ಕೆಲಸದಲ್ಲಿ ನಿಮಗೆ ಹೆಚ್ಚು ಕಿರಿಕಿರಿಯಾದದ್ದು ಯಾವ ಹಂತದಲ್ಲಿ?
>
> 1. ಶುರುವಿನಲ್ಲಿ ಬರಹ, ಚಿತ್ರಗಳನ್ನು ಹೊಂದಿಸಿಕೊಡುವಾಗ
> 2. ವಿನ್ಯಾಸ ನೋಡಿ ತಿದ್ದುಪಡಿ ಹೇಳುವಾಗ
> 3. ಕೊನೆಯಲ್ಲಿ ಸೈಟ್ ನಿಮ್ಮ ಕೈಗೆ ಬಂದ ಮೇಲೆ
> 4. ಬೇರೆ
>
> ಅಂಕಿಯೊಂದನ್ನು ಬರೆದು ಕಳುಹಿಸಿದರೆ ಸಾಕು. ಏನಾಯಿತೆಂದು ಒಂದು ಸಾಲು ಸೇರಿಸಿದರೆ ಮುಂದಿನ ಕೆಲಸದಲ್ಲಿ ಅದನ್ನೇ ಮೊದಲು ಸರಿಪಡಿಸುತ್ತೇನೆ.

ಪದ ಎಣಿಸಿ ನೋಡಿ. ವಿಷಯದ ಸಾಲು ಬಿಟ್ಟರೆ ಎರಡೂ ನಲವತ್ತರ ಆಸುಪಾಸಿನಲ್ಲೇ ಇವೆ, ನನ್ನದೇ ಆರು ಪದ ಹೆಚ್ಚು. ಸಂದೇಶ ಚಿಕ್ಕದಾಗಿರಬೇಕು ಎಂದಾಗ ಎಲ್ಲರೂ ಪದಗಳನ್ನು ಕತ್ತರಿಸಲು ಹೊರಡುತ್ತಾರೆ. ಕತ್ತರಿಸಬೇಕಾದದ್ದು ಓದಿದವರ ಪಾಲಿಗೆ ಬರುವ ಕೆಲಸವನ್ನು. ನಿಮ್ಮ ಇಮೇಲ್ ಓದಿದವರು ಬಿಡುವು ಮಾಡಿಕೊಳ್ಳಬೇಕು, ಲಿಂಕ್ ತೆರೆಯಬೇಕು, ಹನ್ನೆರಡು ಪ್ರಶ್ನೆಗೆ ಉತ್ತರಿಸಬೇಕು, ಹೊಗಳಿಕೆಯ ಎರಡು ಸಾಲು ರಚಿಸಬೇಕು, ಬಿಲ್ ಪಾವತಿಸಬೇಕು. ಇದನ್ನು ಓದಿದವರು 'ರಿಪ್ಲೈ' ಒತ್ತಿ '2' ಎಂದು ಬರೆಯಬೇಕು. ಸಭೆಯೊಂದು ಶುರುವಾಗುವ ಮುಂಚಿನ ಅರ್ಧ ನಿಮಿಷದಲ್ಲಿ, ಮೊಬೈಲಿನಲ್ಲಿ, ಹೆಬ್ಬೆರಳಿನಿಂದ ಆಗುವಷ್ಟು ಕೆಲಸ.

ಈ ಸಂದೇಶದಲ್ಲಿ ನಾನು ಹೆಚ್ಚು ಹೊತ್ತು ಯೋಚಿಸಿದ್ದು 'ಕಿರಿಕಿರಿ' ಎಂಬ ಪದದ ಬಗ್ಗೆ. 'ಸಮಸ್ಯೆ' ಎಂದು ಕೇಳಿದರೆ ಅದು ದೂರು ಕೊಟ್ಟಂತಾಗುತ್ತದೆ, ಜನ ಹಿಂಜರಿಯುತ್ತಾರೆ. 'ಸುಧಾರಣೆಗೆ ಸಲಹೆ' ಎಂದು ಕೇಳಿದರೆ ಪರಿಹಾರವನ್ನೂ ಅವರೇ ಯೋಚಿಸಿ ಕೊಡಬೇಕಾಗುತ್ತದೆ. ಕಿರಿಕಿರಿ ಸಣ್ಣದು, ಅದು ಯಾರ ತಪ್ಪೂ ಆಗಿರಬೇಕಿಲ್ಲ, ಒಪ್ಪಿಕೊಳ್ಳಲು ದಾಕ್ಷಿಣ್ಯ ಅಡ್ಡಬರುವುದಿಲ್ಲ. ತುಂಬಾ ಔಪಚಾರಿಕವಾಗಿ ನಡೆದುಕೊಳ್ಳುವ ಕ್ಲೈಂಟ್‌ಗೆ ಈ ಪದ ಸಲಿಗೆಯೆನಿಸಿದರೆ 'ನಿಮ್ಮ ಸಮಯ ಹೆಚ್ಚು ಹೋದದ್ದು ಯಾವ ಹಂತದಲ್ಲಿ' ಎಂದು ಕೇಳಿ. ಎರಡರಲ್ಲೂ ಒಂದು ಸಣ್ಣ ಉಪಾಯವಿದೆ: ಎಲ್ಲೋ ಒಂದು ಕಡೆ ತೊಡಕಾಗಿತ್ತು ಎಂದು ನೀವೇ ಮೊದಲು ಒಪ್ಪಿಕೊಂಡುಬಿಟ್ಟಿದ್ದೀರಿ. ಇನ್ನು ಅವರು ಮಾಡಬೇಕಾದದ್ದು ಜಾಗ ತೋರಿಸುವುದು ಮಾತ್ರ.

ಪಟ್ಟಿಯಲ್ಲಿ 'ಯಾವುದೂ ಇಲ್ಲ' ಎಂಬ ಆಯ್ಕೆಯನ್ನು ಬೇಕೆಂದೇ ಬಿಟ್ಟಿದ್ದೇನೆ. ಬಾಗಿಲು ತೆರೆದಿಟ್ಟರೆ ಎಲ್ಲರೂ ಅದರಿಂದಲೇ ಹೊರಗೆ ಹೋಗುತ್ತಾರೆ. ನಿಜಕ್ಕೂ ತೊಂದರೆಯಾಗದವರು ಕೇಳದೆಯೇ 'ಹಾಗೇನೂ ಇರಲಿಲ್ಲ' ಎಂದು ಬರೆಯುತ್ತಾರೆ, ಆಗ ಆ ಮಾತಿಗೆ ಬೆಲೆಯೂ ಇರುತ್ತದೆ.

ಹಂತಗಳನ್ನು ಹೆಸರಿಸುವಾಗ ಒಂದು ಎಚ್ಚರ ಬೇಕು. ವೈರ್‌ಫ್ರೇಮ್, ಕೋಡಿಂಗ್, ಟೆಸ್ಟಿಂಗ್ ಎಂದು ನಿಮ್ಮ ಕೆಲಸದ ಹಂತಗಳನ್ನು ಕೊಟ್ಟರೆ ಅವರಿಗೆ ತಲೆಬುಡ ತಿಳಿಯುವುದಿಲ್ಲ, ಏಕೆಂದರೆ ಅವೆಲ್ಲ ನಿಮ್ಮ ಮೇಜಿನ ಮೇಲೆ ನಡೆದವು. ಅವರಿಗೆ ನೆನಪಿರುವುದು ಅವರು ಮಾಡಿದ ಕೆಲಸ: ಬರಹ ಹುಡುಕಿದ್ದು, ಚಿತ್ರ ಕಳುಹಿಸಿದ್ದು, ತಿದ್ದುಪಡಿ ಹೇಳಿದ್ದು, ಪಾಸ್‌ವರ್ಡ್ ಸಿಗದೆ ಒದ್ದಾಡಿದ್ದು. ಅನುವಾದ ಮಾಡುವವರಾಗಲಿ, ಕಟ್ಟಡದ ನಕ್ಷೆ ಬರೆಯುವವರಾಗಲಿ, ಈ ಸಂದೇಶವನ್ನು ಬಳಸಿಕೊಳ್ಳುವಾಗ ಬದಲಿಸಬೇಕಾದದ್ದು ಕೆಲಸದ ಹೆಸರನ್ನು ಮತ್ತು ಪಟ್ಟಿಯ ಮೊದಲ ಮೂರು ಸಾಲುಗಳನ್ನು ಮಾತ್ರ.

ಈ ವಿಧಾನಕ್ಕೆ ಒಂದು ಮಿತಿಯೂ ಇದೆ. ನೀವು ಪಟ್ಟಿ ಮಾಡದ ವಿಷಯ ಉತ್ತರದಲ್ಲಿ ಬರುವುದು ಅಪರೂಪ; '4' ಎಂದು ಬರೆದು ವಿವರಿಸುವಷ್ಟು ತಾಳ್ಮೆ ಕೆಲವರಿಗೆ ಮಾತ್ರ ಇರುತ್ತದೆ. ಅದಕ್ಕೇ ನಾನು ನಾಲ್ಕೈದು ಕ್ಲೈಂಟ್‌ಗಳಿಗೊಮ್ಮೆ ಪಟ್ಟಿಯನ್ನು ಬಿಟ್ಟು ಇನ್ನೊಂದು ಪ್ರಶ್ನೆ ಕೇಳುತ್ತೇನೆ: 'ಒಂದೇ ವಿಷಯವನ್ನು ನನಗೆ ಎರಡನೇ ಸಲ ಕೇಳಬೇಕಾಗಿ ಬಂದದ್ದು ಇದೆಯೇ? ಯಾವುದು?' ಇದೂ ಅಭಿಪ್ರಾಯವಲ್ಲ, ನಡೆದ ಸಂಗತಿ. ನಾನು ಊಹಿಸಿರದ ಉತ್ತರಗಳು ಬಂದದ್ದು ಹೆಚ್ಚಾಗಿ ಇದಕ್ಕೇ.

ಫಾರ್ಮ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ತೆಗೆದುಹಾಕಿ. ಅದರಲ್ಲಿ '0ಯಿಂದ 10ರೊಳಗೆ ಎಷ್ಟು ಅಂಕ' ಎಂಬ ಪ್ರಶ್ನೆ ಇದ್ದೇ ಇರುತ್ತದೆ ಎಂದು ಊಹಿಸುತ್ತೇನೆ. ಬೇರೆಯವರಿಗೆ ನಮ್ಮನ್ನು ಶಿಫಾರಸು ಮಾಡುತ್ತೀರಾ ಎಂದು ಕೇಳಿ ಅಂಕ ಪಡೆಯುವ ಈ ಪದ್ಧತಿಯನ್ನು ವ್ಯವಹಾರ ಸಲಹೆಗಾರ ಫ್ರೆಡ್ ರೈಕ್‌ಹೆಲ್ಡ್ 2003ರಲ್ಲಿ ಮುಂದಿಟ್ಟರು. 9 ಮತ್ತು 10 ಕೊಟ್ಟವರ ಶೇಕಡಾವಾರಿನಿಂದ 6 ಮತ್ತು ಅದಕ್ಕಿಂತ ಕಡಿಮೆ ಕೊಟ್ಟವರ ಶೇಕಡಾವಾರನ್ನು ಕಳೆಯುತ್ತಾರೆ. ಸಾವಿರಾರು ಗ್ರಾಹಕರಿರುವ ಕಂಪನಿಗೆ ಅದು ಏನೋ ಒಂದು ಸೂಚನೆ ಕೊಡುತ್ತದೆ. ನಿಮಗೆ ವರ್ಷಕ್ಕೆ ಹತ್ತು ಕ್ಲೈಂಟ್‌ಗಳಿದ್ದರೆ ಒಬ್ಬರು 6ರ ಬದಲು 9 ಕೊಟ್ಟ ಮಾತ್ರಕ್ಕೆ ಲೆಕ್ಕ 20 ಅಂಶ ಮೇಲೆ ಹಾರುತ್ತದೆ. ಅಂತಹ ಅಂಕಿಯನ್ನು ಇಟ್ಟುಕೊಂಡು ಮಾಡುವುದೇನು? ನಾನು ಮೇಲಿನ ಸಂದೇಶದಲ್ಲಿ ಕೇಳಿದ್ದೂ ಅಂಕಿಯನ್ನೇ, ಆದರೆ ಅದು ಅಳತೆಯಲ್ಲ, ಬೆರಳು ಮಾಡಿ ತೋರಿಸುವ ಜಾಗ.

ಬಿಲ್ ವಿಷಯದಲ್ಲಿ ನನ್ನದೇ ಅನುಭವ ಹೇಳುತ್ತೇನೆ. ಕೆಲಸಕ್ಕಿಳಿದ ಹೊಸತರಲ್ಲಿ ನಾನೂ ಕೊನೆಯ ಬಿಲ್ ಜೊತೆಗೇ 'ಏನಾದರೂ ಕೊರತೆ ಇದ್ದರೆ ಮುಚ್ಚುಮರೆ ಇಲ್ಲದೆ ತಿಳಿಸಿ' ಎಂದು ಬರೆದಿದ್ದೆ. ಮರುದಿನ ಹದಿನಾಲ್ಕು ತಿದ್ದುಪಡಿಗಳ ಪಟ್ಟಿ ಬಂತು, ಅವು ಮುಗಿದ ಮೇಲೆ ಹಣ ಎಂಬ ಟಿಪ್ಪಣಿಯೊಂದಿಗೆ. ಅವರ ತಪ್ಪಿಲ್ಲ. ಹಣ ಕೈಬಿಡುವ ಹೊತ್ತಿಗೆ ಕೊರತೆ ಕೇಳಿದರೆ ಅದು ಚೌಕಾಸಿಗೆ ಕರೆದಂತೆಯೇ ಕೇಳಿಸುತ್ತದೆ. ಎರಡೂ ಇಮೇಲ್‌ಗಳ ನಡುವೆ ದಿನಗಳ ಅಂತರವಿರಲಿ. ಆಗುವುದಾದರೆ ಹಣ ಬಂದ ಮೇಲೆಯೇ ಪ್ರಶ್ನೆ ಹೋಗಲಿ.

ಯಾವಾಗ ಎಂದು ಕೇಳಿದ್ದೀರಿ. ಸೈಟ್ ಕೈಗಿತ್ತ ದಿನ ಬೇಡ. ಆ ದಿನ ಅವರಿಗೆ ಮೂರನೇ ಹಂತದ ಅನುಭವವೇ ಇನ್ನೂ ಆಗಿರುವುದಿಲ್ಲ. ಒಂದು ವಾರದಿಂದ ಹತ್ತು ದಿನದ ಹೊತ್ತಿಗೆ ಅವರು ಒಂದೆರಡು ಪುಟವನ್ನು ತಾವೇ ಬದಲಿಸಲು ಕುಳಿತಿರುತ್ತಾರೆ, ಎಲ್ಲಿ ತಡವರಿಸಿದೆವು ಎಂಬುದು ಹಸಿಯಾಗಿರುತ್ತದೆ. ತಿಂಗಳು ದಾಟಿದರೆ ಬೇರೆ ಕೆಲಸಗಳ ಧೂಳು ಮುಸುಕುತ್ತದೆ. ಇನ್ನೂ ಒಂದು ಉಪಾಯ: ಕೆಲಸ ಶುರುವಾಗುವಾಗಲೇ 'ಮುಗಿದ ಹತ್ತು ದಿನಕ್ಕೆ ನಿಮಗೆ ಒಂದೇ ಒಂದು ಪ್ರಶ್ನೆ ಕಳುಹಿಸುತ್ತೇನೆ' ಎಂದು ಹೇಳಿಟ್ಟಿರಿ. ಕೆಲವರು ಕೆಲಸದ ನಡುವೆಯೇ 'ನಿಮ್ಮ ಆ ಪ್ರಶ್ನೆಗೆ ಉತ್ತರ ಸಿಕ್ಕಿತು' ಎಂದು ನಗುತ್ತಾ ಹೇಳಿದ್ದುಂಟು.

ಯಾರಿಗೆ ಕಳುಹಿಸುತ್ತೀರಿ ಎಂಬುದೂ ಮುಖ್ಯ. ನಿಮ್ಮೊಡನೆ ದಿನವೂ ಮಾತಾಡಿದ ಸಿಬ್ಬಂದಿ ಒಬ್ಬರು, ಹಣಕ್ಕೆ ಸಹಿ ಹಾಕಿದ ಮುಖ್ಯಸ್ಥರು ಇನ್ನೊಬ್ಬರು ಆಗಿರಬಹುದು. ಇಬ್ಬರನ್ನೂ ಕೇಳಿ, ಆದರೆ ಬೇರೆ ಬೇರೆಯಾಗಿ. ಒಂದೇ ಇಮೇಲ್‌ನಲ್ಲಿ ಮುಖ್ಯಸ್ಥರನ್ನೂ ಸೇರಿಸಿದರೆ ಸಿಬ್ಬಂದಿಯವರು ಬಾಯಿ ಬಿಡುವುದಿಲ್ಲ. 'ಚಿತ್ರಗಳನ್ನು ಹೊಂದಿಸುವಾಗ ಕಷ್ಟವಾಯಿತು' ಎಂದರೆ ಅದು ಅವರ ಕೆಲಸದ ಮೇಲೆಯೇ ಬೊಟ್ಟು ಮಾಡಿದಂತಾಗುತ್ತದೆ. ಇಷ್ಟೂ ದಿನ ವಾಟ್ಸ್‌ಆ್ಯಪ್‌ನಲ್ಲೇ ಮಾತಾಡಿದವರಾದರೆ ಇಮೇಲ್ ಬೇಡ, ಅಲ್ಲೇ ಕೇಳಿ.

ಈಗ ಉತ್ತರ ಬಂತು ಎಂದುಕೊಳ್ಳಿ: '2. ಯಾವ ತಿದ್ದುಪಡಿ ಆಯಿತು, ಯಾವುದು ಬಾಕಿ ಎಂದು ನನಗೆ ತಿಳಿಯುತ್ತಲೇ ಇರಲಿಲ್ಲ.' ಓದಿದ ಕೂಡಲೇ ನಿಮ್ಮ ಕೈ ಚಡಪಡಿಸುತ್ತದೆ. ಅವರು ಅರ್ಧ ತಿದ್ದುಪಡಿ ಫೋನಿನಲ್ಲಿ, ಅರ್ಧ ಇಮೇಲ್‌ನಲ್ಲಿ ಹೇಳಿದ್ದರಿಂದಲೇ ಗೊಂದಲವಾಯಿತು ಎಂದು ಬರೆಯಬೇಕೆನಿಸುತ್ತದೆ. ಅದು ಪೂರ್ತಿ ನಿಜವೂ ಆಗಿರಬಹುದು. ಬರೆಯಬೇಡಿ. ಸಮಜಾಯಿಷಿ ಓದಿದವರು ಇನ್ನೊಮ್ಮೆ ಇಂತಹ ಪ್ರಶ್ನೆಗೆ ಉತ್ತರಿಸುವುದಿಲ್ಲ. ನನ್ನ ಉತ್ತರ ಹೀಗಿರುತ್ತಿತ್ತು:

> ತಿಳಿಸಿದ್ದಕ್ಕೆ ಧನ್ಯವಾದಗಳು. ಇನ್ನು ಮುಂದೆ ತಿದ್ದುಪಡಿಗಳನ್ನೆಲ್ಲ ಒಂದೇ ಪಟ್ಟಿಯಲ್ಲಿ ಬರೆದಿಟ್ಟು, ಆದದ್ದು ಯಾವುದು, ಬಾಕಿ ಯಾವುದು ಎಂದು ಗುರುತು ಹಾಕಿ ಪ್ರತಿ ಶುಕ್ರವಾರ ಕಳುಹಿಸುತ್ತೇನೆ.

ಅವರು ಹೇಳಿದ್ದು ತೊಡಕು, ನೀವು ತಿಳಿಸಿದ್ದು ಬದಲಾವಣೆ. ಅವರು ಫೋನಿನಲ್ಲಿ ಹೇಳಿದ ತಿದ್ದುಪಡಿಗಳೂ ಆ ಪಟ್ಟಿಗೆ ಸೇರುತ್ತವೆ. ಅಂದರೆ ನೀವು ಬರೆಯಬೇಕೆಂದಿದ್ದ ಸಮಜಾಯಿಷಿಯ ಮೂಲವೂ ಅಲ್ಲಿಗೆ ಇಲ್ಲವಾಯಿತು. ಉತ್ತರ ಅಸ್ಪಷ್ಟವಾಗಿದ್ದರೆ ಒಂದು ಮರುಪ್ರಶ್ನೆ ಕೇಳಬಹುದು, ಎರಡನೆಯದು ಬೇಡ. '3. ಸಂಪರ್ಕ ಪುಟದಿಂದ ಇಮೇಲ್ ಬರುತ್ತಿಲ್ಲ' ಎಂಬಂತಹ ಉತ್ತರ ಬಂದರೆ ಅದು ಫೀಡ್‌ಬ್ಯಾಕ್ ಅಲ್ಲ, ದುರಸ್ತಿ. ಮೊದಲು ಸರಿಪಡಿಸಿ, ಆಮೇಲೆ ಧನ್ಯವಾದ ಹೇಳಿ.

'ಎರಡು ಒಳ್ಳೆಯ ಮಾತು' ಬೇಕಾಗಿರುವುದು ನನಗೂ ಗೊತ್ತು, ನಮ್ಮ ಹೊಟ್ಟೆಪಾಡಿಗೆ ಅದೂ ಬೇಕು. ಆದರೆ ತಪ್ಪು ತೋರಿಸಿ ಎಂದೂ ಹೊಗಳಿ ಎಂದೂ ಒಂದೇ ಉಸಿರಿನಲ್ಲಿ ಕೇಳಿದರೆ ಎರಡೂ ಕೆಡುತ್ತವೆ. ಒಳ್ಳೆಯ ಮಾತು ತಾನಾಗಿ ಬಂದಾಗ ಹಿಡಿಯಿರಿ. ಯಾವುದೋ ಸಂದೇಶದ ಕೊನೆಯಲ್ಲಿ ಅವರು 'ಈಗ ವಿಚಾರಿಸುವವರಿಗೆ ಲಿಂಕ್ ಕಳುಹಿಸಿದರೆ ಸಾಕು, ಫೋನಿನಲ್ಲಿ ಎಲ್ಲ ವಿವರಿಸುವ ತಾಪತ್ರಯ ತಪ್ಪಿತು' ಎಂದು ಬರೆದಿರುತ್ತಾರೆ. ಅದನ್ನೇ ಉದ್ಧರಿಸಿ, 'ಮೊನ್ನೆ ನೀವು ಹೀಗೆ ಬರೆದಿದ್ದಿರಿ. ಈ ಸಾಲನ್ನು ನಿಮ್ಮ ಹೆಸರಿನೊಂದಿಗೆ ನನ್ನ ವೆಬ್‌ಸೈಟ್‌ನಲ್ಲಿ ಹಾಕಬಹುದೇ? ಸರಿ ಅಥವಾ ಬೇಡ ಎಂದರೆ ಸಾಕು' ಎಂದು ಕೇಳಿ. ಅವರು ಹೇಳದೇ ಇದ್ದದ್ದನ್ನು ನೀವೇ ಚೆಂದವಾಗಿ ಬರೆದು ಒಪ್ಪಿಗೆ ಕೇಳಬೇಡಿ. ದಾಕ್ಷಿಣ್ಯಕ್ಕೆ ಒಪ್ಪುತ್ತಾರೆ, ಆದರೆ ಓದುವವರಿಗೆ ಅದು ಯಾರ ಕೈಬರಹ ಎಂದು ತಿಳಿಯುತ್ತದೆ. ಅಭಿಪ್ರಾಯಕ್ಕೆ ಬದಲಾಗಿ ರಿಯಾಯಿತಿ ಕೊಡುವ ಮಾತಂತೂ ಎತ್ತಲೇಬೇಡಿ.

ಉತ್ತರ ಬರದಿದ್ದರೆ ಒಂದು ವಾರ ಬಿಟ್ಟು, ಅದೇ ಇಮೇಲ್‌ಗೆ ಮುಂದುವರಿಕೆಯಾಗಿ ಒಮ್ಮೆ ನೆನಪಿಸಿ: 'ಕೆಳಗಿನ ಪ್ರಶ್ನೆಗೆ ಒಂದು ಅಂಕಿ ಸಾಕು. ಬಿಡುವಿಲ್ಲದಿದ್ದರೆ ಪರವಾಗಿಲ್ಲ, ಮತ್ತೆ ಕೇಳುವುದಿಲ್ಲ.' ಹಾಗೆ ಬರೆದ ಮೇಲೆ ಮತ್ತೆ ಕೇಳಬೇಡಿ. ಈ ಎರಡನೇ ಸಂದೇಶಕ್ಕೆ ಉತ್ತರ ಬರುವುದು ನೀವು ಎಣಿಸಿರುವುದಕ್ಕಿಂತ ಹೆಚ್ಚು, ಏಕೆಂದರೆ ಮೊದಲನೆಯದನ್ನು ಅವರು ನಿರ್ಲಕ್ಷಿಸಿರುವುದಿಲ್ಲ, ಆಮೇಲೆ ಬರೆದರಾಯಿತು ಎಂದು ಮರೆತಿರುತ್ತಾರೆ.

ಇನ್ನು ಕೆಲಸವನ್ನು ಬೇರೆಯವರಿಗೆ ಕೊಟ್ಟ ಆ ಇಬ್ಬರು. ತಡವಾಗಿದೆ ಎಂದುಕೊಂಡು ಅವರನ್ನು ಬಿಟ್ಟುಬಿಡಬೇಡಿ, ನಿಮಗೆ ಹೆಚ್ಚು ಹೇಳಬಲ್ಲವರು ಅವರೇ. ಅವರಿಗೆ ಈ ಪಟ್ಟಿ ಹೊಂದುವುದಿಲ್ಲ. ಇಷ್ಟು ಬರೆಯಿರಿ:

> ನಮಸ್ಕಾರ. ಹೊಸ ಕೆಲಸವನ್ನು ಬೇರೆಯವರು ಮಾಡುತ್ತಿದ್ದಾರೆ ಎಂದು ತಿಳಿಯಿತು. ಅದನ್ನು ಮರಳಿ ಕೇಳಲು ಬರೆಯುತ್ತಿಲ್ಲ. ಅವರಲ್ಲಿ ನಿಮಗೆ ಅನುಕೂಲವೆನಿಸಿದ, ನಾನು ಮಾಡದೇ ಇದ್ದ ಒಂದು ಸಂಗತಿ ಯಾವುದು? ಒಂದು ಸಾಲು ಸಾಕು.

ಇಲ್ಲಿ ಅವರು ನಿಮ್ಮನ್ನು ದೂರಬೇಕಿಲ್ಲ, ಇನ್ನೊಬ್ಬರನ್ನು ಮೆಚ್ಚಿದರೆ ಸಾಕು. ದಾಕ್ಷಿಣ್ಯ ಈಗ ನಿಮ್ಮ ಪರವಾಗಿ ಕೆಲಸ ಮಾಡುತ್ತದೆ. 'ಅವರು ವಾರಕ್ಕೊಮ್ಮೆ ತಾವೇ ಫೋನ್ ಮಾಡುತ್ತಾರೆ' ಎಂದು ಬಂದರೆ, ನೀವು ಫೋನ್ ಮಾಡುತ್ತಿರಲಿಲ್ಲ ಎಂದು ಓದಿಕೊಳ್ಳಿ. ಬೆಲೆಯೊಂದೇ ಕಾರಣ ಎಂದು ಬಂದರೆ ಧನ್ಯವಾದ ಹೇಳಿ ಅಲ್ಲಿಗೇ ಬಿಡಿ.